ಎಂಟು ಕಿಲೋಹರ್ಟ್ಸ್ ಕರೆಗಳು, sox ಮತ್ತು ಒಂದು ಪಾವತಿ ಸೇವೆ: ಮೂರು ವರ್ಷಗಳ ಬಳಕೆಯ ನಂತರ

ದೂರವಾಣಿ ಕರೆಗಳ ಧ್ವನಿಮುದ್ರಿಕೆಗಳನ್ನು ಮಾತು ಗುರುತಿಸುವ ತಂತ್ರಾಂಶಕ್ಕೆ ಕೊಟ್ಟು ಪಠ್ಯವಾಗಿಸುವುದು, ಆ ಪಠ್ಯವನ್ನು ತಿದ್ದುವುದು ನನ್ನ ದಿನನಿತ್ಯದ ಕೆಲಸ. ಈ ಕರೆಗಳು ಸೆಕೆಂಡಿಗೆ ಧ್ವನಿಯ 8000 ಅಳತೆಗಳ, ಎಂದರೆ ಸ್ಯಾಂಪಲ್‌ಗಳ, ಸ್ಯಾಂಪಲ್ ರೇಟ್‌ನಲ್ಲಿ ಬರುತ್ತವೆ. ನಾನು ಬಳಸುವ ವಿಸ್ಪರ್ ಎಂಬ ಮಾತು ಗುರುತಿಸುವ ಮಾದರಿ 16000ವನ್ನು ನಿರೀಕ್ಷಿಸುತ್ತದೆ. ಈ ಅಂತರವನ್ನು ತುಂಬಲು ಮೂರು ವರ್ಷಗಳಿಂದ `sox` ಎಂಬ ಉಚಿತ ಸಾಧನವನ್ನು ಬಳಸುತ್ತಿದ್ದೇನೆ. ನಡುವೆ ಒಂದು ವರ್ಷ, ದೂರವಾಣಿಯಲ್ಲಿ ಕಳೆದುಹೋದ ಮೇಲಿನ ಆವರ್ತನಗಳನ್ನು ಮರಳಿ ಕಟ್ಟಿಕೊಡುತ್ತೇವೆ ಎನ್ನುವ ಒಂದು ಪಾವತಿ ಸೇವೆಯನ್ನೂ ಬಳಸಿದೆ. ಇವುಗಳಿಂದ ಪಠ್ಯದ ನಿಖರತೆ ನಿಜಕ್ಕೂ ಹೆಚ್ಚಿತೇ ಎಂಬುದೊಂದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವಾರದಲ್ಲೇ ನನಗೆ ಬಲವಾದ ತಪ್ಪುಕಲ್ಪನೆಯೊಂದು ಮೂಡಿತ್ತು. ಕರೆಗಳ ಒಂದು ಕಟ್ಟು ಮೂಲದಲ್ಲಿ ಹೆಡರ್, ಎಂದರೆ ರೇಟ್ ಮುಂತಾದ ವಿವರ ಹೇಳುವ ಆರಂಭದ ಭಾಗ, ಇಲ್ಲದ ಕಚ್ಚಾ ಕಡತಗಳಾಗಿತ್ತು. ಅದನ್ನು ನಮಗೆ ಕಳುಹಿಸುವ ಮೊದಲು ಯಾರೋ ಅದಕ್ಕೆ 16000 ಎಂಬ ಹೆಡರ್ ಅಂಟಿಸಿದ್ದರು. ಗುರುತಿಸುವಿಕೆಯ ಫಲಿತಾಂಶ ಓದಲಾರದಷ್ಟು ಕೆಟ್ಟದಾಗಿತ್ತು. ಮೂಲ ಕಡತಗಳನ್ನು ತರಿಸಿಕೊಂಡು `sox` ಮೂಲಕ 8000ದಿಂದ 16000ಕ್ಕೆ ಏರಿಸಿದ ಕೂಡಲೇ ಪಠ್ಯ ಸ್ಪಷ್ಟವಾಯಿತು. ಅಪ್‌ಸ್ಯಾಂಪಲಿಂಗ್ ನಿಖರತೆಯನ್ನು ಇಷ್ಟು ಹೆಚ್ಚಿಸುತ್ತದೆಯೇ ಎಂದು ನಾನು ಹಿಗ್ಗಿದೆ, ತಂಡದವರಿಗೂ ಹಾಗೆಯೇ ಹೇಳಿದೆ.

ವಾಸ್ತವದಲ್ಲಿ ನಡೆದದ್ದು ಬೇರೆ. ಹತ್ತು ಸೆಕೆಂಡಿನ ಕರೆಯಲ್ಲಿ 80,000 ಸ್ಯಾಂಪಲ್‌ಗಳಿರುತ್ತವೆ. ಅದೇ ಕಡತವನ್ನು 16000 ಎಂದು ಓದಿದರೆ ಅದು ಐದೇ ಸೆಕೆಂಡಿನ ಮಾತಾಗುತ್ತದೆ. ವೇಗ ಇಮ್ಮಡಿಯಾಗುತ್ತದೆ, 1000 ಹರ್ಟ್ಸ್‌ನ ನಾದ 2000ದಲ್ಲಿ ಕೇಳಿಸುತ್ತದೆ, ಪ್ರತಿ ಸ್ವರದ ಗುರುತುಗಳೂ ತಮ್ಮ ಸ್ಥಾನ ಬಿಟ್ಟು ಮೇಲಕ್ಕೆ ಸರಿಯುತ್ತವೆ. ಮಾದರಿಗೆ ಹೋಗುತ್ತಿದ್ದುದು ಯಾವ ಮನುಷ್ಯನೂ ಆಡದ ಮಾತು. ನಾನು ಮಾಡಿದ್ದು ಕಾಲ ಮತ್ತು ಆವರ್ತನದ ಲೆಕ್ಕವನ್ನು ಸರಿಪಡಿಸಿದ್ದು ಅಷ್ಟೇ. ಧ್ವನಿಗೆ ಹೊಸದೇನೂ ಸೇರಿರಲಿಲ್ಲ. ಅಪ್‌ಸ್ಯಾಂಪಲಿಂಗ್‌ನಿಂದ ಭಾರೀ ಸುಧಾರಣೆ ಕಂಡೆವು ಎಂದು ಯಾರಾದರೂ ಹೇಳಿದಾಗ ನಾನು ಮೊದಲು ಕೇಳುವುದು, ಅದಕ್ಕೂ ಮುಂಚೆ ಆ ಕಡತವನ್ನು ಯಾವ ರೇಟ್‌ನಲ್ಲಿ ಓದುತ್ತಿದ್ದಿರಿ ಎಂದು. ಪತ್ತೆಹಚ್ಚುವುದು ಸುಲಭ: `soxi` ತೋರಿಸುವ ಅವಧಿಯನ್ನು ಕರೆಯ ನಿಜವಾದ ಅವಧಿಯೊಂದಿಗೆ ಹೋಲಿಸಿದರೆ ಸಾಕು. ಅರ್ಧದಷ್ಟಿದ್ದರೆ ದೋಷ ಹೆಡರ್‌ನಲ್ಲಿದೆ.

ಈಗ ನಾನು ನಡೆಸುವ ಕ್ರಮ ಇಷ್ಟೇ:

```
soxi call.wav
sox call.wav -b 16 call16.wav rate -v 16000
sox call16.wav -n spectrogram -o call16.png
```

ಮೂರನೆಯ ಸಾಲನ್ನು ಬಿಡಬೇಡಿ ಎಂದು ಹೊಸಬರಿಗೆ ಒತ್ತಿ ಹೇಳುತ್ತೇನೆ. ಸ್ಯಾಂಪಲ್ ರೇಟ್ 8000 ಇದ್ದಾಗ ಕಡತದಲ್ಲಿ 4000 ಹರ್ಟ್ಸ್‌ಗಿಂತ ಮೇಲಿನದೇನೂ ಉಳಿದಿರಲು ಸಾಧ್ಯವಿಲ್ಲ. ದೂರವಾಣಿ ಜಾಲವಂತೂ ಸಾಂಪ್ರದಾಯಿಕವಾಗಿ 300ರಿಂದ 3400 ಹರ್ಟ್ಸ್‌ವರೆಗಿನ ಪಟ್ಟಿಯನ್ನು ಮಾತ್ರ ಸಾಗಿಸುತ್ತದೆ. ಆದ್ದರಿಂದ ಸರಿಯಾಗಿ ಏರಿಸಿದ ಕಡತದ ಯಾವ ಆವರ್ತನದಲ್ಲಿ ಎಷ್ಟು ಶಕ್ತಿಯಿದೆ ಎಂದು ತೋರಿಸುವ ಚಿತ್ರವಾದ ಸ್ಪೆಕ್ಟ್ರೋಗ್ರಾಮ್‌ನಲ್ಲಿ ಕೆಳಗಿನ ಅರ್ಧ ತುಂಬಿರಬೇಕು, ಮೇಲಿನ ಅರ್ಧ ಕಪ್ಪಾಗಿ ಖಾಲಿ ಇರಬೇಕು. ಆ ಖಾಲಿತನ ಕಂಡರೆ ಪರಿವರ್ತನೆ ಸರಿಯಾಗಿದೆ ಎಂದರ್ಥ. ಒಮ್ಮೆ ನಮ್ಮಲ್ಲೊಬ್ಬರು ಪ್ರತಿ ಸ್ಯಾಂಪಲನ್ನೂ ಎರಡೆರಡು ಸಲ ಬರೆಯುವ ಸಣ್ಣ ಪ್ರೋಗ್ರಾಮ್‌ನಿಂದ ಈ ಕೆಲಸ ಮುಗಿಸಿದ್ದರು. ಸ್ಯಾಂಪಲ್‌ಗಳ ಸಂಖ್ಯೆ ಸರಿಯಾಗಿತ್ತು, ಅವಧಿಯೂ ಸರಿಯಾಗಿತ್ತು. ಆದರೆ ಚಿತ್ರದಲ್ಲಿ 4000ದ ಗೆರೆಯನ್ನು ಕನ್ನಡಿಯಾಗಿ ಇಟ್ಟಂತೆ ಕೆಳಗಿನ ಮಾತು ಮೇಲೆ ತಲೆಕೆಳಗಾಗಿ ಮೂಡಿತ್ತು: 3000ದಲ್ಲಿದ್ದ ಶಕ್ತಿಯ ಪ್ರತಿಬಿಂಬ 5000ದಲ್ಲಿತ್ತು. ಇಂಥ ಪ್ರತಿಬಿಂಬಗಳನ್ನು ಅಳಿಸಲೆಂದೇ `rate` ಒಳಗೆ ಫಿಲ್ಟರ್ ಇದೆ. ಫಿಲ್ಟರ್ ಇಲ್ಲದಿದ್ದರೆ ಖಾಲಿ ಇರಬೇಕಾದ ಜಾಗದಲ್ಲಿ ಸುಳ್ಳು ಸಾಕ್ಷ್ಯ ತುಂಬಿಕೊಳ್ಳುತ್ತದೆ. ಕಿವಿಗೆ ಅದು ಸ್ವಲ್ಪ ಲೋಹದ ಗುಣದ, ಚುಚ್ಚುವ ಧ್ವನಿಯಾಗಿ ಕೇಳಿಸುತ್ತದೆ. ಗುರುತಿಸುವಿಕೆಯಲ್ಲಿ ಕಕಾರ, ಸಕಾರಗಳ ಸುತ್ತ ವಿಚಿತ್ರ ತಪ್ಪುಗಳಾಗಿ ಕಾಣಿಸಿಕೊಳ್ಳುತ್ತದೆ.

ಹಾಗಾದರೆ ಸರಿಯಾಗಿ ಮಾಡಿದ ಅಪ್‌ಸ್ಯಾಂಪಲಿಂಗ್ ನಿಖರತೆಯನ್ನು ಎಷ್ಟು ಹೆಚ್ಚಿಸುತ್ತದೆ? ಹೆಡರ್ ಸರಿಯಾಗಿರುವ ಕಡತದ ಮಟ್ಟಿಗೆ ನನ್ನ ಉತ್ತರ, ಹೆಚ್ಚಿಸುವುದೇ ಇಲ್ಲ ಎಂದು. ವಿಸ್ಪರ್‌ನ ಸಾಮಾನ್ಯ ಕಮಾಂಡ್ ತಾನೇ ಒಳಗಡೆ `ffmpeg` ಎಂಬ ಪರಿವರ್ತನೆಯ ಸಾಧನವನ್ನು ಕರೆದು ಎಲ್ಲವನ್ನೂ 16000ಕ್ಕೆ ತಂದುಕೊಳ್ಳುತ್ತದೆ. ಒಂದೇ ಕರೆಯನ್ನು ನೇರವಾಗಿ 8000ದ ಕಡತವಾಗಿಯೂ `sox`ನಿಂದ ಏರಿಸಿದ ಕಡತವಾಗಿಯೂ ಕೊಟ್ಟು ಪಠ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಅಲ್ಲೊಂದು ಇಲ್ಲೊಂದು ಪದ ಬದಲಾಗಿರುತ್ತದೆ, ಒಮ್ಮೆ ಒಂದು ಕಡೆಗೆ, ಇನ್ನೊಮ್ಮೆ ಮತ್ತೊಂದು ಕಡೆಗೆ. ಅದನ್ನು ಲಾಭವೆಂದು ಕರೆಯಲಾಗದು. ಕಾಲ್ಡಿ ಎಂಬ ಇನ್ನೊಂದು ಮಾತು ಗುರುತಿಸುವ ಸಾಧನದಲ್ಲಿ ಸಂಗತಿ ಇನ್ನೂ ನೇರವಾಗಿದೆ: ರೇಟ್ ಹೊಂದದಿದ್ದರೆ ಅದು ದೋಷ ತೋರಿಸಿ ನಿಂತುಬಿಡುತ್ತದೆ, ನಾವೇ `--allow-upsample=true` ಎಂದು ಅನುಮತಿ ಕೊಡಬೇಕಾಗುತ್ತದೆ. ತಪ್ಪು ರೇಟ್‌ನಲ್ಲಿ ಮೌನವಾಗಿ ಓದಿಬಿಡುವ ಸಾಧನಗಳಿಗಿಂತ ಈ ಕಟ್ಟುನಿಟ್ಟು ನನಗೆ ಹೆಚ್ಚು ಇಷ್ಟ.

ದೂರವಾಣಿ ಕರೆಗಳಲ್ಲಿ ನಿಖರತೆ ಕುಗ್ಗುವುದಕ್ಕೆ ಕಾರಣ ಇರುವುದು ಆ ಖಾಲಿ ಅರ್ಧದಲ್ಲೇ. ವಿಸ್ಪರ್‌ನ ಹೆಚ್ಚಿನ ಮಾದರಿಗಳು 0ಯಿಂದ 8000 ಹರ್ಟ್ಸ್‌ವರೆಗಿನ ಧ್ವನಿಯನ್ನು 80 ಮೆಲ್ ಪಟ್ಟಿಗಳಾಗಿ ಹಂಚಿಕೊಂಡು ನೋಡುತ್ತವೆ. ಕಿವಿಯ ಗ್ರಹಿಕೆಗೆ ಹೊಂದುವ ಮೆಲ್ ಮಾಪನ ಕೆಳಗಿನ ಆವರ್ತನಗಳಿಗೆ ಹೆಚ್ಚು ಪಟ್ಟಿಗಳನ್ನು ಕೊಡುವುದರಿಂದ 4000ದ ಮೇಲೆ ಬೀಳುವುದು ಸುಮಾರು 18 ಪಟ್ಟಿಗಳು ಮಾತ್ರ. ದೂರವಾಣಿ ಕರೆಯಲ್ಲಿ ಈ ಹದಿನೆಂಟೂ ಬರಿದು. ಉಳಿದವುಗಳಲ್ಲಿ ಸ್ವರಗಳ ಗುರುತು ಬಹುಪಾಲು ಸುರಕ್ಷಿತವಾಗಿರುತ್ತದೆ. ಸಾಮಾನ್ಯ ಮಾತು ಚೆನ್ನಾಗಿಯೇ ಪಠ್ಯವಾಗುವುದು ಇದರಿಂದ. ಪೆಟ್ಟು ಬೀಳುವುದು ಊಷ್ಮಾಕ್ಷರಗಳಿಗೆ. ‘ಶ’ದ ಶಕ್ತಿಯ ದೊಡ್ಡ ಭಾಗ ಸುಮಾರು 2500ರಿಂದ 3500 ಹರ್ಟ್ಸ್ ಆಸುಪಾಸಿನಲ್ಲಿರುವುದರಿಂದ ಅದು ದೂರವಾಣಿಯಲ್ಲೂ ಉಳಿದುಕೊಳ್ಳುತ್ತದೆ. ‘ಸ’ದ ಶಿಖರ ಸಾಮಾನ್ಯವಾಗಿ 4000ದ ಮೇಲಿರುವುದರಿಂದ ಅದರ ಗುರುತೇ ಕತ್ತರಿಸಿಹೋಗಿ, ತೆಳ್ಳನೆಯ ಉಸಿರಿನಂತೆ ಉಳಿಯುತ್ತದೆ, ಅದನ್ನು ‘ಫ’ ಎನ್ನಬಹುದು, ‘ಹ’ ಎಂದೂ ಎನ್ನಬಹುದು.

ಪಾವತಿ ಸೇವೆ ಮಾತು ಕೊಟ್ಟದ್ದು ಇಲ್ಲಿಯೇ. ಅದರ ನ್ಯೂರಲ್ ಜಾಲ, ಕೆಳಗಿನ ಪಟ್ಟಿಯನ್ನು ನೋಡಿ ಮೇಲಿನ ಪಟ್ಟಿ ಹೇಗಿದ್ದಿರಬಹುದೆಂದು ಊಹಿಸಿ ತುಂಬುತ್ತದೆ. ಫಲಿತಾಂಶ ಕೇಳಲು ನಿಜಕ್ಕೂ ಹಿತವಾಗಿತ್ತು. ಡಬ್ಬಿಯೊಳಗಿಂದ ಬರುವಂತಿದ್ದ ಧ್ವನಿ ಎದುರಿಗೆ ಕೂತು ಮಾತನಾಡಿದಂತೆ ತೆರೆದುಕೊಳ್ಳುತ್ತಿತ್ತು. ಗುರುತಿಸುವಿಕೆಯಲ್ಲಿ ಮೊದಲ ತಿಂಗಳು ಸಣ್ಣ ಸುಧಾರಣೆಯೂ ಕಂಡಿತು. ಅದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಪೂರ್ಣ ಪಟ್ಟಿಯ ಧ್ವನಿಯಲ್ಲೇ ಕಲಿತ ಮಾದರಿಗೆ ಪೂರ್ಣ ಪಟ್ಟಿಯಂತೆ ಕಾಣುವ ಧ್ವನಿ ಹೆಚ್ಚು ಪರಿಚಿತ.

ಆಮೇಲೆ ಒಂದು ಕರೆ ನನ್ನನ್ನು ತಡೆದು ನಿಲ್ಲಿಸಿತು. ಕರೆ ಮಾಡಿದವರು “ಹೆಸರು ಹರಿ ಅಂತ ಬರೆದುಕೊಳ್ಳಿ” ಎಂದಿದ್ದರು. ಸೇವೆಯ ಮೂಲಕ ಹಾದುಬಂದ ಕಡತದ ಪಠ್ಯದಲ್ಲಿ “ಹೆಸರು ಸರಿ ಅಂತ ಬರೆದುಕೊಳ್ಳಿ” ಎಂದಿತ್ತು. ಬರೀ ಏರಿಸಿದ ಕಡತದಿಂದ ‘ಹರಿ’ ಸರಿಯಾಗಿಯೇ ಬಂದಿತ್ತು. ಎರಡರ ಸ್ಪೆಕ್ಟ್ರೋಗ್ರಾಮ್ ತೆಗೆದು ನೋಡಿದೆ: ಆ ಪದದ ಆರಂಭದಲ್ಲಿ, ಮೂಲದಲ್ಲಿ ಮಂದವಾದ ಉಸಿರಿದ್ದ ಜಾಗದ ಮೇಲೆ, ಸೇವೆಯು 5000ದಿಂದ ಮೇಲಕ್ಕೆ ಒಂದು ಪೊಗದಸ್ತಾದ ಸಕಾರದ ಮೋಡವನ್ನು ಬಿಡಿಸಿಟ್ಟಿತ್ತು. ‘ಸರಿ’ ಎಂಬುದು ಮಾತಿನಲ್ಲಿ ಹೆಜ್ಜೆಗೊಂದು ಸಿಗುವ ಪದ, ಊಹೆ ಆ ಕಡೆಗೆ ವಾಲಿತು. ಉಸಿರು ಮಾತ್ರ ಇದ್ದಾಗ ಗುರುತಿಸುವ ಮಾದರಿಗೆ ಸಂದೇಹ ಉಳಿದಿರುತ್ತಿತ್ತು, ಮುಂದಿನ ಪದಗಳನ್ನು ನೋಡಿ ತೀರ್ಮಾನಿಸುವ ಅವಕಾಶವಿರುತ್ತಿತ್ತು. ಸೇವೆ ಆ ಸಂದೇಹವನ್ನು ಮೊದಲೇ ಅಳಿಸಿ, ತಪ್ಪು ಉತ್ತರವನ್ನು ಖಚಿತ ಸಾಕ್ಷ್ಯವಾಗಿ ಮುಂದಿಟ್ಟಿತು.

ಇಂಥ ತಪ್ಪು ಅಂಕಿಗಳಲ್ಲಿ ಕಾಣುವುದೂ ಇಲ್ಲ. ಪದದೋಷದ ಪ್ರಮಾಣವೆಂದರೆ ಬದಲಾದ, ಬಿಟ್ಟುಹೋದ, ಹೆಚ್ಚಾಗಿ ಸೇರಿದ ಪದಗಳ ಮೊತ್ತವನ್ನು ಮೂಲ ಪಠ್ಯದ ಪದಗಳ ಸಂಖ್ಯೆಯಿಂದ ಭಾಗಿಸಿದ್ದು. ಆ ನಾಲ್ಕು ಪದಗಳ ವಾಕ್ಯದಲ್ಲಿ ಒಂದು ತಪ್ಪೆಂದರೆ ಶೇಕಡ 25. ನಾನೂರು ಪದಗಳ ಕರೆಯಲ್ಲಿ ಅದೇ ತಪ್ಪು ಶೇಕಡ 0.25. ಅದೇ ಕರೆಯಲ್ಲಿ ಸೇವೆಯಿಂದಾಗಿ ಎರಡು ‘ಅಲ್ಲವಾ’ಗಳು ಸರಿಹೋಗಿದ್ದರೆ ಒಟ್ಟು ಅಂಕ ಸುಧಾರಿಸಿದಂತೆಯೇ ತೋರುತ್ತದೆ, ಆದರೆ ಆ ಕರೆಯಿಂದ ನಮಗೆ ಬೇಕಾಗಿದ್ದ ಹೆಸರೇ ಹೋಗಿರುತ್ತದೆ. ಅಂದಿನಿಂದ ನಾನು ಹೆಸರುಗಳನ್ನೂ ಸಂಖ್ಯೆಗಳನ್ನೂ ಒಟ್ಟು ಅಂಕದಿಂದ ಬಿಡಿಸಿ ಪ್ರತ್ಯೇಕವಾಗಿ ಎಣಿಸುತ್ತೇನೆ. ಹಾಗೆ ಎಣಿಸಿದಾಗ ಸೇವೆಗೆ ಕೊಡುತ್ತಿದ್ದ ಹಣಕ್ಕೆ ಸಮರ್ಥನೆ ಸಿಗಲಿಲ್ಲ, ಗುರುತಿಸುವಿಕೆಗೆ ಅದನ್ನು ಬಳಸುವುದನ್ನು ನಿಲ್ಲಿಸಿದೆ.

ನಿಜವಾದ ಸುಧಾರಣೆ ಬಂದದ್ದು ಎರಡು ಬೇರೆ ಕಡೆಗಳಿಂದ. ನಮ್ಮ ಕರೆಗಳಲ್ಲಿ ಇಬ್ಬರ ಮಾತು ಎರಡು ಚಾನೆಲ್‌ಗಳಲ್ಲಿ ಬೇರೆಬೇರೆಯಾಗಿರುತ್ತದೆ. ವಿಸ್ಪರ್‌ನ ಸಾಮಾನ್ಯ ಕಮಾಂಡ್ ಅವೆರಡನ್ನೂ ಬೆರೆಸಿ ಒಂದಾಗಿಸುತ್ತದೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ‘ಹೂಂ’ ಬಿದ್ದು ಪದಗಳು ಮುಚ್ಚಿಹೋಗುತ್ತವೆ. `remix 1` ಮತ್ತು `remix 2` ಎಂದು ಚಾನೆಲ್‌ಗಳನ್ನು ಮೊದಲೇ ಬೇರ್ಪಡಿಸಿ ಕೊಟ್ಟದ್ದರಿಂದ ಸಿಕ್ಕ ಲಾಭ, ಫಿಲ್ಟರ್‌ನ ಗುಣಮಟ್ಟವನ್ನು ಎಷ್ಟು ತಿದ್ದಿದರೂ ಸಿಕ್ಕಿರಲಿಲ್ಲ.

ಎರಡನೆಯದು ತರಬೇತಿ. ಮಾದರಿಯನ್ನು ನಮ್ಮ ಕೆಲಸಕ್ಕೆ ಹೊಂದಿಸುವಾಗ 16000ದ ಶುದ್ಧ ಧ್ವನಿಯನ್ನು 8000ಕ್ಕೆ ಇಳಿಸಿ, ದೂರವಾಣಿಯ ಮ್ಯೂ-ಲಾ ಸಂಕೇತನದ ಮೂಲಕ ಹಾಯಿಸಿ, ಅದೇ `rate -v`ನಿಂದ ಮತ್ತೆ 16000ಕ್ಕೆ ಏರಿಸಿ ತರಬೇತಿಗೆ ಬಳಸಿದೆವು. ಮೇಲಿನ ಹದಿನೆಂಟು ಪಟ್ಟಿಗಳು ಬರಿದಾಗಿರುವುದೇ ಸಹಜವೆಂದು ಮಾದರಿ ಇದರಿಂದ ಕಲಿಯುತ್ತದೆ, ‘ಸ’ವನ್ನು ಅದರ ಕೆಳಗಿನ ಅಂಚಿನಿಂದಲೂ ಪಕ್ಕದ ಸ್ವರದ ಬಾಗುವಿಕೆಯಿಂದಲೂ ಗುರುತಿಸುವುದನ್ನು ಅಭ್ಯಾಸ ಮಾಡಿಕೊಳ್ಳುತ್ತದೆ. ಇಲ್ಲಿ ಅಪ್‌ಸ್ಯಾಂಪಲಿಂಗ್ ಇದೆ, ಆದರೆ ಅದು ತರಬೇತಿಯ ಮತ್ತು ಬಳಕೆಯ ಧ್ವನಿಗಳನ್ನು ಒಂದೇ ಅಚ್ಚಿಗೆ ತರುವ ಕೆಲಸವನ್ನು ಮಾತ್ರ ಮಾಡುತ್ತಿದೆ. ತರಬೇತಿಯಲ್ಲಿ ಒಂದು ಸಾಧನ, ಬಳಕೆಯಲ್ಲಿ ಇನ್ನೊಂದು ಸಾಧನ ಬಳಸಿದರೆ 4000ದ ಅಂಚಿನ ಆಕಾರ ಬದಲಾಗುತ್ತದೆ, ಆದ್ದರಿಂದ ಎರಡೂ ಕಡೆ ಒಂದೇ ಕಮಾಂಡ್ ಇಟ್ಟುಕೊಂಡಿದ್ದೇವೆ.

`sox` ನನ್ನ ಯಂತ್ರದಲ್ಲಿ ಉಳಿದಿದೆ, ಉಳಿಯುತ್ತದೆ. ಪಾವತಿ ಸೇವೆಯನ್ನು ಈಗಲೂ ಅಪರೂಪಕ್ಕೆ ಬಳಸುತ್ತೇನೆ, ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಕರೆ ಕೇಳಿ ತಿದ್ದುವ ಸಹೋದ್ಯೋಗಿಗಳ ಕಿವಿಗೆ ಆಯಾಸ ಕಡಿಮೆಯಾಗಲಿ ಎಂದು. ಆ ಕಡತಗಳಿಗೆ ಬೇರೆ ಫೋಲ್ಡರ್ ಮಾಡಿದ್ದೇನೆ. ಪದದ ಬಗ್ಗೆ ಅನುಮಾನ ಬಂದಾಗ ಅವರು ಮರಳಿ ಕೇಳುವುದು 8000ದ ಮೂಲ ಕಡತವನ್ನೇ.