ತೊಟ್ಟಿಯ ಮೇಲೆ ಗಾಜು: ಟಫನ್ಡ್, ಲ್ಯಾಮಿನೇಟೆಡ್, ಹೀಟ್ ಸ್ಟ್ರೆಂತನ್ಡ್

ಮಂಡ್ಯ, ಶ್ರೀರಂಗಪಟ್ಟಣದ ಕಡೆ ಹಳೇ ತೊಟ್ಟಿ ಮನೆ ರಿಪೇರಿಗೆ ಬಂತೆಂದರೆ ತೊಟ್ಟಿಗೆ ಗಾಜು ಹೊದಿಸುವ ಮಾತೂ ಬರುತ್ತದೆ. ಮಳೆ ಒಳಗೆ ಬೀಳಬಾರದು, ಬೆಳಕು ಮಾತ್ರ ಬರಬೇಕು. ಅದಕ್ಕೆ ಸಿಗುವ ಮೊದಲ ಉತ್ತರ, "12 ಎಂಎಂ ಟಫನ್ಡ್ ಹಾಕ್ಸಿ ಸಾರ್, ಒಡೆಯೋದೇ ಇಲ್ಲ." ಒಡೆಯುತ್ತದೆ. ತಲೆಯ ಮೇಲಿನ ಗಾಜಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಒಡೆದ ಮೇಲೆ ಅದು ಎಲ್ಲಿರುತ್ತದೆ?

ಉತ್ತರ ಬೇಕಿದ್ದರೆ ಟಫನ್ಡ್, ಹೀಟ್ ಸ್ಟ್ರೆಂತನ್ಡ್, ಲ್ಯಾಮಿನೇಟೆಡ್, ಮೂರೂ ಬಗೆಯಲ್ಲಿ ಒಂದಡಿ ಚದರದ ಒಂದೊಂದು ತುಂಡು ತನ್ನಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಹಾಕಿ, ಮೇಲೆ ಗೋಣಿಚೀಲ ಹೊದಿಸಿ, ಅಂಚಿನ ಹತ್ತಿರ ಸೆಂಟರ್ ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆಯಿರಿ. ಟಫನ್ಡ್ ಇಡೀ ತುಂಡು ಕಲ್ಲುಸಕ್ಕರೆಯ ಹಾಗೆ ಪುಡಿಯಾಗುತ್ತದೆ. ಸರಿಯಾಗಿ ಟಫನ್ ಆಗಿದ್ದರೆ 5 ಸೆಂ.ಮೀ. ಚದರದೊಳಗೆ 40ಕ್ಕಿಂತ ಕಡಿಮೆ ಚೂರು ಇರಬಾರದು. ಹೀಟ್ ಸ್ಟ್ರೆಂತನ್ಡ್ ದೊಡ್ಡ ದೊಡ್ಡ ಹೋಳಾಗಿ ಸೀಳುತ್ತದೆ, ಬಿರುಕು ಅಂಚಿನವರೆಗೂ ಓಡುತ್ತದೆ. ಲ್ಯಾಮಿನೇಟೆಡ್ ಎಂದರೆ ಎರಡು ಗಾಜಿನ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿದ್ದು, ಬಿರುಕು ಬಿಟ್ಟರೂ ಚೂರುಗಳು ಆ ಹಾಳೆಗೆ ಅಂಟಿಕೊಂಡೇ ಇರುತ್ತವೆ.

ಟಫನ್ಡ್ ಹೀಗೆ ಪುಡಿಯಾಗುವುದಕ್ಕೆ ಕಾರಣ ಅದರ ಬಲದಲ್ಲೇ ಇದೆ. ಗಾಜನ್ನು ಸುಮಾರು 620 ಡಿಗ್ರಿಗೆ ಕಾಯಿಸಿ, ಎರಡೂ ಕಡೆಯಿಂದ ಜೋರಾಗಿ ಗಾಳಿ ಊದಿ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಆಮೇಲೆ ಆರುವ ಒಡಲು ಕುಗ್ಗಲು ಹೋಗಿ ಹೊರಮೈಯನ್ನು ಒಳಕ್ಕೆ ಎಳೆಯುತ್ತದೆ. ಹೀಗೆ ಹೊರಗೆ ಒತ್ತಡ, ಒಳಗೆ ಎಳೆತ. ಹೊರಮೈ ಬಿಗಿಯಾಗಿರುವುದರಿಂದ ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಬಲ. ಆದರೆ ಒಂದು ಗೀರು ಹೊರಪದರ ದಾಟಿ ಒಡಲಿಗೆ ತಲುಪಿತೋ, ಕೂಡಿಟ್ಟ ಎಳೆತವೆಲ್ಲ ಒಂದೇ ಏಟಿಗೆ ಬಿಡುಗಡೆ. ಹೀಟ್ ಸ್ಟ್ರೆಂತನ್ಡ್ ಅದೇ ಕುಲುಮೆಯದು, ನಿಧಾನವಾಗಿ ತಣಿಸಿದ್ದು. ಬಲ ಸುಮಾರು ಎರಡು ಪಟ್ಟು ಮಾತ್ರ, ಪುಡಿಯಾಗುವಷ್ಟು ಎಳೆತ ಒಳಗಿಲ್ಲ.

ಯಾರೂ ಮುಟ್ಟದೆ, ನಡುರಾತ್ರಿ ಟಫನ್ಡ್ ಸಿಡಿಯುವುದೂ ಉಂಟು. ದೂರು ಬಂದರೆ ಚೂರು ಗುಡಿಸುವ ಮೊದಲು, ಫ್ರೇಮಿನಲ್ಲಿ ಉಳಿದಿದ್ದನ್ನು ನೋಡಿ. ಬಿರುಕುಗಳು ಅಂಚಿನಿಂದಲೋ ಮೂಲೆಯಿಂದಲೋ ಬೀಸಣಿಗೆಯಂತೆ ಹರಡಿದ್ದರೆ ಅಂಚಿಗೆ ಏಟು ಬಿದ್ದಿದೆ, ಇಲ್ಲವೇ ಗಾಜು ಕಬ್ಬಿಣಕ್ಕೆ ನೇರವಾಗಿ ತಾಗಿದೆ. ನಡುವಿನಲ್ಲಿ ಚಿಟ್ಟೆಯ ಎರಡು ರೆಕ್ಕೆಯಂತೆ ದೊಡ್ಡ ಚೂರು ಅಕ್ಕಪಕ್ಕ ಇದ್ದು, ಅವು ಕೂಡುವ ಗೆರೆಯ ಮೇಲೆ ಸಣ್ಣ ಚುಕ್ಕೆ ಕಂಡರೆ ಗಾಜಿನೊಳಗೇ ಸೇರಿಕೊಂಡ ನಿಕಲ್ ಸಲ್ಫೈಡ್ ಕಣದ ಮೇಲೆ ಅನುಮಾನ ಪಡಬೇಕು. ಬೇಗ ತಣಿಸಿದಾಗ ಆ ಕಣ ಹಿಗ್ಗಲು ಸಮಯ ಸಿಗದೆ ಸಿಕ್ಕಿಹಾಕಿಕೊಂಡಿರುತ್ತದೆ. ತಿಂಗಳೋ ವರ್ಷವೋ ಕಳೆದ ಮೇಲೆ ಹಿಗ್ಗಿ ಒಡಲನ್ನು ಸೀಳುತ್ತದೆ. ಟಫನ್ ಆದ ಗಾಜನ್ನು ಮತ್ತೆ ಕಾಯಿಸಿ ಕೆಲಹೊತ್ತು ಇಡುವ ಹೀಟ್ ಸೋಕ್ ಮಾಡಿಸಿದರೆ ಇಂಥ ಗಾಜು ಬಹುಪಾಲು ಫ್ಯಾಕ್ಟರಿಯಲ್ಲೇ ಒಡೆದುಹೋಗುತ್ತದೆ. ಬಹುಪಾಲು ಅಷ್ಟೇ, ಪೂರ್ತಿ ಅಲ್ಲ.

ಈಗ ಆರಡಿ ಚದರದ ತೊಟ್ಟಿ ತೆಗೆದುಕೊಳ್ಳಿ, ಪಕ್ಕದಲ್ಲೇ ತೆಂಗಿನಮರ. 900 × 1800 ಎಂಎಂ ಅಳತೆಯ ಎರಡು ಗಾಜು, ನಾಲ್ಕೂ ಕಡೆ ಆಸರೆ. ಗಾಜಿನ ತೂಕ ಚದರ ಮೀಟರಿಗೆ, ಪ್ರತಿ ಎಂಎಂ ದಪ್ಪಕ್ಕೆ 2.5 ಕೆಜಿ, ಹಾಗಾಗಿ 12 ಎಂಎಂ ಗಾಜು ಒಂದೊಂದೂ ಸುಮಾರು 49 ಕೆಜಿ. ಒಂಟಿ ಟಫನ್ಡ್ ಒಡೆದರೆ ಹೆಚ್ಚುಕಮ್ಮಿ ಅಷ್ಟೂ ಕೆಳಕ್ಕೆ ಬರುತ್ತದೆ, ಅದೂ ಬಿಡಿ ಬಿಡಿಯಾಗಿ ಅಲ್ಲ, ಚೂರುಗಳು ಕಚ್ಚಿಕೊಂಡ ಗಟ್ಟಿಗಳಾಗಿ. ಒಂಟಿ ಹೀಟ್ ಸ್ಟ್ರೆಂತನ್ಡ್ ಇನ್ನೂ ಕೆಟ್ಟದ್ದು, ಹರಿತವಾದ ಹೋಳು.

ಸಾದಾ ಗಾಜನ್ನೇ ಲ್ಯಾಮಿನೇಟ್ ಮಾಡಿಸಿದರೆ? ಉದುರುವುದಿಲ್ಲ. ಆದರೆ ನಡುಭಾಗ ಬಿಸಿಲಿಗೆ ಕಾದು, ಫ್ರೇಮಿನೊಳಗಿನ ಅಂಚು, ಸೂರಿನ ನೆರಳು ಬೀಳುವ ಭಾಗ ತಣ್ಣಗಿದ್ದರೆ ಬಿರುಕು ಬಿಡಬಹುದು. ಅದು ಅಂಚಿಗೆ ನೇರ ಲಂಬವಾಗಿ ಶುರುವಾಗುತ್ತದೆ. ಟಫನ್ಡ್ ಎರಡನ್ನು ಲ್ಯಾಮಿನೇಟ್ ಮಾಡಿದರೆ ಆ ಭಯವಿಲ್ಲ, ಆದರೆ ಎರಡೂ ಪದರ ಒಡೆದಾಗ ಒದ್ದೆ ಕಂಬಳಿಯಂತೆ ಜೋತು ಫ್ರೇಮಿನಿಂದ ಜಾರಬಹುದು. ಹೀಟ್ ಸ್ಟ್ರೆಂತನ್ಡ್ ಆದರೆ ದೊಡ್ಡ ಹೋಳುಗಳು ಒಂದಕ್ಕೊಂದು ಆತುಕೊಂಡು ಬಿಗಿತ ಉಳಿಸುತ್ತವೆ, ಬದಲಿಸುವವರೆಗೂ ಮೇಲೇ ನಿಲ್ಲುತ್ತವೆ. ನಮ್ಮ ಆಯ್ಕೆ ಇದು: 6 ಎಂಎಂ ಹೀಟ್ ಸ್ಟ್ರೆಂತನ್ಡ್, 1.52 ಎಂಎಂ ಪಿವಿಬಿ, ಮತ್ತೆ 6 ಎಂಎಂ ಹೀಟ್ ಸ್ಟ್ರೆಂತನ್ಡ್. ತೆಂಗಿನಕಾಯಿ ಬಿದ್ದರೆ ಇದೂ ಒಡೆಯಬಹುದು. ಕೆಳಗೆ ಕೂತವರ ತಲೆಗೆ ಮಾತ್ರ ಉದುರುವ ಸಂಭವ ತೀರಾ ಕಡಿಮೆ.

ಟಫನ್ಡ್‌ಗೆ ಅದರದೇ ಜಾಗವಿದೆ: ಬಾಗಿಲು, ಬಾತ್‌ರೂಮಿನ ಪಾರ್ಟಿಷನ್. ಅಲ್ಲಿ ಮೈ ತಾಗಿ ಒಡೆದರೆ ಮೊಂಡು ಚೂರೇ ಮೇಲು. ಒಂಟಿ ಹೀಟ್ ಸ್ಟ್ರೆಂತನ್ಡ್ ಅಲ್ಲಿ ಕೂಡದು. ಮಹಡಿ ಬಾಲ್ಕನಿಯ ರೇಲಿಂಗಿಗೆ ಲ್ಯಾಮಿನೇಟೆಡ್ಡೇ ಬೇಕು.

ಅಳತೆ, ತೂತು, ಅಂಚಿನ ಪಾಲಿಶ್ ಎಲ್ಲ ಕುಲುಮೆಗೆ ಹೋಗುವ ಮುಂಚೆಯೇ ಮುಗಿಯಬೇಕು. ಆಮೇಲೆ ಕತ್ತರಿಸಲು ಬರುವುದಿಲ್ಲ. ಗಾಜಿಗೂ ಫ್ರೇಮಿಗೂ ನಡುವೆ ರಬ್ಬರ್ ಇರಲಿ, ನೀರು ಹರಿದುಹೋಗುವಷ್ಟು ಇಳಿಜಾರು ಇರಲಿ. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ನ್ಯೂಟ್ರಲ್ ಕೇಳಿ. ಆ ಆಮ್ಲವೂ ಅಂಚಿನಲ್ಲಿ ನಿಂತ ನೀರೂ ಪಿವಿಬಿಯನ್ನು ಬಿಡಿಸುತ್ತವೆ, ಅಂಚಿನಿಂದ ಒಳಕ್ಕೆ ಹಾಲಿನಂತೆ ಬಿಳಿ ಹಬ್ಬುವುದು ಅದರ ಗುರುತು.