ಪೂಜೆ ಮಂಟಪಕ್ಕೆ ಯಾವ ಕಂಬ? ಹಲಗೆ, ಪೆಟ್ಟಿಗೆ, ಗೂಡು

ನಮ್ಮ ಮನೆಯ ವರಮಹಾಲಕ್ಷ್ಮಿ ಮಂಟಪದಲ್ಲಿ ಎದುರಿನ ಎರಡು ಕಂಬ ಒಂದು ಜಾತಿ, ಹಿಂದಿನ ಎರಡು ಇನ್ನೊಂದು ಜಾತಿ. ನೋಡಿದವರಿಗೆ ಗೊತ್ತಾಗುವುದಿಲ್ಲ. ಅಲ್ಲಿಗೆ ಬಂದು ಮುಟ್ಟಲು ನನಗೆ ಮೂರು ಮಳೆಗಾಲ ಹಿಡಿಯಿತು.

ಮಡಿಕೇರಿ ಕಡೆಯ ನಮಗೆ ಮಂಟಪ ಅಂದರೆ ಮೊದಲು ಕಣ್ಣಿಗೆ ಬರುವುದು ದಸರಾದ ದಶಮಂಟಪ. ಅದು ವಿಜಯದಶಮಿಯ ಒಂದು ರಾತ್ರಿ ಮೆರೆದರೆ ಸಾಕು. ಮನೆಯದ್ದು ಹಾಗಲ್ಲ. ಪೂಜೆ ಮುಗಿದ ಮೇಲೆ ಬಿಚ್ಚಿ ಅಟ್ಟಕ್ಕೆ ಹಾಕಬೇಕು, ಮುಂದಿನ ಶ್ರಾವಣಕ್ಕೆ ಇಳಿಸಬೇಕು. ಶ್ರಾವಣ ಅಂದರೆ ಇಲ್ಲಿ ಗೋಡೆಯೇ ಬೆವರುವ ಕಾಲ. ಬೆಂಗಳೂರಿನ ನೆಂಟರು ಮಾಡಿದ್ದನ್ನು ನೋಡಿ ಹಾಗೇ ಇಲ್ಲಿ ಮಾಡಲು ಹೋದರೆ ಏನಾಗುತ್ತದೆ ಅನ್ನುವುದೇ ಈ ಕಥೆ.

ಅಳತೆ ಮೂರು ಸಲವೂ ಒಂದೇ. 4 ಅಡಿ ಅಗಲ, 3 ಅಡಿ ಆಳ, 6 ಅಡಿಯ ಕಂಬ, ಮೇಲೆ ತೊಲೆಯ ಚೌಕಟ್ಟು, ಮುಂದೆ ಗೋಪುರದ ಆಕಾರಕ್ಕೆ ಕತ್ತರಿಸಿದ ಹಲಗೆ. ಬದಲಾಗಿದ್ದು ಕಂಬ ಮತ್ತು ಬಟ್ಟೆ ಮಾತ್ರ.

ಮೊದಲ ವರ್ಷ ಹಲಗೆ ಕಂಬ. 12 ಮಿಲಿಮೀಟರ್ ಕಮರ್ಷಿಯಲ್ ಪ್ಲೈವುಡ್‌ನಲ್ಲಿ 8 ಇಂಚು ಅಗಲದ ಪಟ್ಟಿ, ಬುಡದಲ್ಲೂ ತುದಿಯಲ್ಲೂ ಸ್ವಲ್ಪ ಅಗಲ ಬಿಟ್ಟು ಕಂಬದ ಆಕಾರ. ಎದುರಿಗೆ ಕೆಂಪು ಎನಾಮೆಲ್ ಪೇಂಟ್, ಅದರ ಮೇಲೆ ಕೆಂಪು ಸ್ಯಾಟಿನ್, ಹಿಂದೆ ನಿಲ್ಲಿಸಲು ತ್ರಿಕೋನದ ಆಸರೆ. ಒಂದೇ ದಿನದ ಕೆಲಸ. ಸೋಮವಾರ ನಿಲ್ಲಿಸಿದಾಗ ನೆಟ್ಟಗಿತ್ತು. ಗುರುವಾರ ರಾತ್ರಿ ಅಮ್ಮ ಕರೆದು ತೋರಿಸಿದರು. "ನೋಡೋ, ನಿನ್ನ ಕಂಬಾನೇ ದೇವಿಗೆ ನಮಸ್ಕಾರ ಮಾಡ್ತಿದೆ."

ನಿಜವೇ. ಹೊಟ್ಟೆ ಗೋಡೆ ಕಡೆ ಹೋಗಿ, ತಲೆ ಮುಂದಕ್ಕೆ ಬಾಗಿತ್ತು. ಮೇಲಿನಿಂದ ಕೆಳಗೆ ದಾರ ಬಿಗಿಯಾಗಿ ಹಿಡಿದರೆ ನಡುವೆ ಒಂದು ಇಂಚು ಸಂದು. ತಪ್ಪು ಪ್ಲೈವುಡ್‌ದಲ್ಲ, ನನ್ನದು. ಎದುರಿಗೆ ಮಾತ್ರ ಪೇಂಟ್ ಬಳಿದಿದ್ದೆ. ಬೆನ್ನು ಬರಿದಾಗಿತ್ತು. ಬರಿದಾದ ಕಡೆ ತೇವ ಕುಡಿದು ಉಬ್ಬುತ್ತದೆ, ಪೇಂಟ್ ಇದ್ದ ಕಡೆ ಹಾಗೇ ಇರುತ್ತದೆ, ಹಲಗೆ ಬಿಲ್ಲಾಗುತ್ತದೆ. ಎರಡೂ ಕಡೆ ಒಂದೇ ಪೇಂಟ್ ಕೊಟ್ಟು, ಬೆನ್ನಿಗೆ ಒಂದು ರೀಪರನ್ನು, ಅಂದರೆ ಉದ್ದನೆಯ ಮರದ ಪಟ್ಟಿಯನ್ನು, ಅಡ್ಡಗಲಕ್ಕಲ್ಲ, ಅಂಚಿನ ಮೇಲೆ ನಿಲ್ಲಿಸಿ ಸ್ಕ್ರೂ ಹೊಡೆದರೆ ಈ ತೊಂದರೆ ನಿಲ್ಲುತ್ತದೆ. ನಿಲ್ಲದ್ದು ಇನ್ನೊಂದು. ಪಕ್ಕದಲ್ಲಿ ಕೂತವರಿಗೆ ಕಂಬದ ದಪ್ಪ ಅರ್ಧ ಇಂಚು. ಪೂಜೆಗೆ ಬಂದವರೆಲ್ಲ ಎದುರಿಗೇ ಕೂರುತ್ತಾರಾ? ಮಕ್ಕಳಂತೂ ನೇರ ಹಿಂದೆ ಹೋಗಿ ಇಣುಕಿದರು.

ಎರಡನೇ ವರ್ಷ ಹಟಕ್ಕೆ ಬಿದ್ದು ಪೆಟ್ಟಿಗೆ ಕಂಬ ಮಾಡಿದೆ. 6 ಮಿಲಿಮೀಟರ್ ಪ್ಲೈವುಡ್, ನಾಲ್ಕು ಮುಖ, ಒಳಗೆ ನಾಲ್ಕು ಮೂಲೆಗೂ ರೀಪರ್. 8 ಅಡಿ × 4 ಅಡಿ ಹಾಳೆಯಲ್ಲಿ 8 ಇಂಚಿಗೆ ಒಂದು ಕೂದಲು ಕಡಿಮೆಯ ಆರು ಪಟ್ಟಿ ಬರುತ್ತವೆ. ನಾಲ್ಕು ಕಂಬಕ್ಕೆ ಹದಿನಾರು ಪಟ್ಟಿ ಬೇಕು, ಅಂದರೆ ಮೂರು ಹಾಳೆ. ಒಂದು ಕಂಬ 7 ಕಿಲೋ ಹತ್ತಿರ ತೂಗಿತು.

ಗಟ್ಟಿತನದ ವಿಷಯದಲ್ಲಿ ಇದಕ್ಕೆ ಎದುರಿಲ್ಲ. ಒಂದು ಮುಖ ಬಾಗಲು ಹೋದರೆ ಪಕ್ಕದ ಮುಖ ಬಿಡುವುದಿಲ್ಲ. ತೊಲೆ ಇಲ್ಲದೆಯೂ ಕಂಬ ತಾನೇ ನಿಂತಿತು. ಆದರೆ ಬಟ್ಟೆ ಸುತ್ತಿದ ಮೇಲೆ ದೇವಸ್ಥಾನದ ಕಂಬದಂತೆ ಕಾಣಲಿಲ್ಲ, ಬಟ್ಟೆ ಹೊದಿಸಿದ ಬೀರುವಿನಂತೆ ಕಂಡಿತು. ಅದನ್ನಾದರೂ ಹೂವಿನ ಹಾರದಲ್ಲಿ ಮುಚ್ಚಬಹುದಿತ್ತು. ಅಟ್ಟದಲ್ಲಿ ಆಗಿದ್ದು ಮುಚ್ಚುವಂಥದ್ದಲ್ಲ. ಮುಂದಿನ ಜುಲೈನಲ್ಲಿ ಇಳಿಸಿದಾಗ ಒಳಮೈ ಪೂರ್ತಿ ಬೂಷ್ಟು. ತೆರೆದ ಬುಡದಿಂದ ಇಲಿ ಹೊಕ್ಕು ಒಂದರಲ್ಲಿ ಸಂಸಾರ ಹೂಡಿತ್ತು. ಗಾಳಿ ಆಡದ ಪೊಳ್ಳು ಪೆಟ್ಟಿಗೆಯನ್ನು ಕೊಡಗಿನ ಅಟ್ಟದಲ್ಲಿ ಇಟ್ಟರೆ ಇನ್ನೇನಾಗುತ್ತೆ? ಮೈಸೂರಲ್ಲಿರುವ ನನ್ನ ಅಕ್ಕನ ಮನೆಗೆ ಇದೇ ಚೆನ್ನ, ಅವರಿಗೆ ಇದನ್ನೇ ಹೇಳಿದ್ದೇನೆ.

ಮೂರನೆಯದ್ದರ ಉಪಾಯ ದೀಪಾವಳಿಯ ಗೂಡುದೀಪ ನೋಡಿ ಹೊಳೆದದ್ದು. ಗೂಡುದೀಪದಲ್ಲಿ ಮೈ ಅನ್ನುವುದೇ ಇರುವುದಿಲ್ಲ. ಕಡ್ಡಿಯ ಗೂಡು, ಮೇಲೆ ಕಾಗದ. ಕಂಬವೂ ಹಾಗೇ ಆಗಬಹುದಲ್ವಾ?

ನಡುನಡುವೆ ಅಡ್ಡಕ್ಕೆ ಪ್ಲೈವುಡ್ ಬಿಲ್ಲೆ, ಅವುಗಳ ಸುತ್ತ ಉದ್ದಕ್ಕೆ ರೀಪರ್, ಮೇಲೆ ಬಟ್ಟೆ. ದುಂಡು ಬಿಲ್ಲೆ ಕತ್ತರಿಸಲು ಮಷೀನ್ ಬೇಕು. ಅದಕ್ಕೆ ಎಂಟು ಮೂಲೆ ಮಾಡಿದೆ. ಎಂಟು ಮುಖದ ಕಂಬ ನಮ್ಮ ಕಡೆ ದೇವಸ್ಥಾನಗಳಲ್ಲಿ ಇದ್ದೇ ಇದೆ, ಹಾಗಾಗಿ ಇದು ಕಳ್ಳದಾರಿಯೂ ಅಲ್ಲ. ಏಳೂವರೆ ಇಂಚಿನ ಚೌಕ ತೆಗೆದುಕೊಳ್ಳಿ. ಪ್ರತಿ ಮೂಲೆಯಿಂದ ಎರಡೂ ಕಡೆಗೆ 2.2 ಇಂಚಿಗೆ ಗುರುತು ಹಾಕಿ. ಗುರುತಿಂದ ಗುರುತಿಗೆ ಗೆರೆ ಎಳೆದು ಮೂಲೆ ಕೊಯ್ದರೆ ಸರಿಯಾಗಿ 3.1 ಇಂಚಿನ ಎಂಟು ಮುಖ ಬರುತ್ತದೆ. ಸಾದಾ ಗರಗಸ ಸಾಕು. ಎಂಟು ಮೂಲೆಗೂ ರೀಪರ್ ಕೂರುವಷ್ಟು ಕಚ್ಚು ಹೊಡೆಯಬೇಕು. 12 ಮಿಲಿಮೀಟರ್ ಪ್ಲೈವುಡ್‌ನ ಅರ್ಧ ಹಾಳೆಯಲ್ಲೇ ಇಂಥ ಮೂವತ್ತಾರು ಬಿಲ್ಲೆ ಸಿಗುತ್ತವೆ. ಈ ಸಲ ಅಂಗಡಿಯಲ್ಲಿ ಮರೈನ್ ಪ್ಲೈ ಕೇಳಿ ತಂದೆ. ಅದರ ಅಂಟು ನೀರಿಗೆ ಬಿಡುವುದಿಲ್ಲ. ದುಡ್ಡು ಜಾಸ್ತಿಯಾದರೂ ಬೇಕಾದದ್ದು ಅರ್ಧ ಹಾಳೆ ತಾನೇ. ರೀಪರ್‌ಗೆ ತೋಟದ ಸಿಲ್ವರ್ ಓಕ್ ಇತ್ತು. ಚೆನ್ನಾಗಿ ಒಣಗಿದ್ದು ಆಗಬೇಕು, ಹಸಿ ಇದ್ದರೆ ತಿರುಚಿಕೊಳ್ಳುತ್ತದೆ.

ಇಲ್ಲೂ ಒಂದು ಸಲ ಕೆಟ್ಟೆ. ಮೊದಲ ಕಂಬಕ್ಕೆ ಎರಡು ಅಡಿಗೊಂದರಂತೆ ನಾಲ್ಕೇ ಬಿಲ್ಲೆ ಹಾಕಿದ್ದೆ. ತೊಳೆಯದ ಕೋರಾ ಹತ್ತಿ ಬಟ್ಟೆ ಸುತ್ತಿ, ಹಿಂದಿನ ರೀಪರ್ ಮೇಲೆ ಸ್ಟೇಪಲ್ ಹೊಡೆದು, ನೀರು ಚಿಮುಕಿಸಿದೆ. ಕೋರಾ ಬಟ್ಟೆ ಮೊದಲ ಸಲ ನೆನೆದಾಗ ಕುಗ್ಗುತ್ತದೆ, ಚಂಡೆಯ ಚರ್ಮದ ಹಾಗೆ ಬಿಗಿಯುತ್ತದೆ. ಸುಕ್ಕು ಹೋಗಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಬೆಳಗ್ಗೆ ನೋಡಿದರೆ ಬಟ್ಟೆ ರೀಪರುಗಳನ್ನೇ ಒಳಕ್ಕೆ ಎಳೆದುಕೊಂಡಿತ್ತು. ಬಿಲ್ಲೆ ಇದ್ದಲ್ಲಿ ದಪ್ಪ, ನಡುವೆ ಸಣ್ಣ ಸೊಂಟ. ಡಮರು ಜೋಡಿಸಿಟ್ಟ ಹಾಗೆ. ಅಡಿಗೊಂದು ಬಿಲ್ಲೆ, ಅಂದರೆ ಆರಡಿಗೆ ಏಳು ಹಾಕಿದ ಮೇಲೆ ಅಂಚು ನೆಟ್ಟಗೆ ನಿಂತಿತು. ತೂಕ 4 ಕಿಲೋ ಒಳಗೇ.

ಈ ಗೂಡಿನ ಮೇಲೆ ಸ್ಯಾಟಿನ್ ಕೂಡ ಹಾಕಿ ನೋಡಿದೆ. ದೀಪ ಹಚ್ಚಿದಾಗ ಒಂದು ಮುಖ ಮಿನುಗುತ್ತದೆ, ಪಕ್ಕದ ಮುಖ ಕಪ್ಪಾಗುತ್ತದೆ. ಚಂದದಲ್ಲಿ ಹತ್ತಿ ಅದರ ಹತ್ತಿರವೂ ಸುಳಿಯುವುದಿಲ್ಲ. ಆದರೆ ಪಾಲಿಯೆಸ್ಟರ್ ಸ್ಯಾಟಿನ್ ನೀರಿಗೆ ಕುಗ್ಗುವುದಿಲ್ಲ. ಕೈಯಲ್ಲಿ ಎಷ್ಟು ಎಳೆಯುತ್ತೀರೋ ಅಷ್ಟೇ ಬಿಗಿ, ಎಳೆದಲ್ಲೆಲ್ಲ ಸ್ಟೇಪಲ್‌ನಿಂದ ನೂಲು ಜಗ್ಗಿದ ಗೆರೆ. ಊದುಬತ್ತಿ ತಾಗಿದರೆ ಕರಗಿ ಕಪ್ಪು ಅಂಚಿನ ತೂತಾಗುತ್ತದೆ. ಹತ್ತಿ ಸುರಕ್ಷಿತ ಅಂತಲ್ಲ. ಉರಿ ಹತ್ತಿದರೆ ಅದೂ ಸರಸರನೆ ಮೇಲಕ್ಕೇರುತ್ತದೆ. ಯಾವ ಬಟ್ಟೆಯಾದರೂ ದೀಪಕ್ಕೂ ಕಂಬಕ್ಕೂ ಎರಡಡಿ ಅಂತರ ಇಡುತ್ತೇನೆ. ಕೊನೆಗೆ ಮಾಡಿದ್ದು ಹೀಗೆ: ಒಳಗೆ ಕೋರಾ ಹತ್ತಿ ಬಿಗಿಯಾಗಿ, ಅದರ ಮೇಲೆ ಪೂಜೆಯ ದಿನಕ್ಕೆ ಮಾತ್ರ ಸ್ಯಾಟಿನ್ ಸುತ್ತಿ ಹಿಂದೆ ಪಿನ್. ಸುತ್ತಳತೆ 25 ಇಂಚು, ಮಡಚಲು ಎರಡು ಇಂಚು ಸೇರಿಸಿ 27 ಇಂಚು ಅಗಲ ಬೇಕು.

ಹತ್ತಿಗೆ ಗಂಜಿ ಹಾಕಬೇಡಿ. ನಾಟಕದ ಪರದೆ ಚೌಕಟ್ಟಿಗೆ ಹಾಗೆ ಮಾಡುತ್ತಾರೆ ಅಂತ ನಾನೂ ಮೈದಾ ಅಂಟು ಬಳಿದೆ. ವಾರದಲ್ಲಿ ಬೂಷ್ಟು. ಬುಕ್ ಬೈಂಡಿಂಗ್‌ನವರು ಅಂಟಿಗೆ ಮೈಲುತುತ್ತು ಹಾಕುತ್ತಾರಲ್ಲ, ಬೋರ್ಡೋ ದ್ರಾವಣಕ್ಕೆ ತಂದಿದ್ದು ಮನೆಯಲ್ಲೇ ಇತ್ತು, ಚಿಟಿಕೆ ಸೇರಿಸಿದೆ. ಬಿಳಿ ಬಟ್ಟೆ ಹಸಿರು ತಿರುಗಿತು. ಸ್ಟೇಪಲ್ ಪಿನ್ನಿನ ಸುತ್ತ ಕಂದು ಕಲೆ, ಯಾಕೆಂದರೆ ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ಅದು ವಿಷ ಕೂಡ. ಪ್ರಸಾದ ಇಡುವ ಜಾಗದ ಪಕ್ಕ ಅದೆಲ್ಲ ಯಾಕೆ ಬೇಕು?

ಗೂಡು ಕಂಬಕ್ಕೆ ಒಂದು ದೊಡ್ಡ ಕೊರತೆ ಉಂಟು. ಹಗುರ. ನಾಲ್ಕೂ ನಿಲ್ಲಿಸಿ ತೊಲೆ ಬೋಲ್ಟ್ ಮಾಡಿ ಒಂದು ಬೆರಳಲ್ಲಿ ತಳ್ಳಿದರೆ ಇಡೀ ಮಂಟಪ ಓಲಾಡಿತು. ಬುಡದ ಪೀಠದಲ್ಲಿ 5 ಕಿಲೋ ಮರಳಿನ ಚೀಲ ಇಟ್ಟೆ. ರೆಡ್ ಆಕ್ಸೈಡ್ ನೆಲದಲ್ಲಿ ಜಾರದಂತೆ ಅಡಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಹಚ್ಚಿದೆ. ಬೀಳುವುದು ನಿಂತಿತು, ಓಲಾಟ ನಿಲ್ಲಲಿಲ್ಲ.

ನಮ್ಮ ಆಚಾರಿ ಬಂದವರು ಒಂದು ನಿಮಿಷ ನೋಡಿ, "ಬೋದಿಗೆ ಎಲ್ಲಿ ಸಾರ್?" ಅಂದರು. ಕಂಬದ ತಲೆಗೆ ಕೂರುವ ಬೋದಿಗೆಯನ್ನು ನಾನು ಅಲಂಕಾರ ಅಂದುಕೊಂಡು ಕೊನೆಗೆ ಥರ್ಮೋಕೋಲಿನಲ್ಲಿ ಅಂಟಿಸಲು ಬಿಟ್ಟಿದ್ದೆ. ಕಲ್ಲಿನ ಕಂಬದ ಮೇಲೆ ಅದು ತೊಲೆಯ ಭಾರ ಹೊರುತ್ತದೆ. ನಮ್ಮ ಪ್ಲೈವುಡ್ ಮಂಟಪದಲ್ಲಿ ಭಾರವೇ ಇಲ್ಲ, ಅಲ್ಲಿ ಅದರ ಕೆಲಸ ಮೂಲೆಯನ್ನು ಮೂಲೆಯಾಗಿಯೇ ಹಿಡಿದಿಡುವುದು. 12 ಮಿಲಿಮೀಟರ್ ಪ್ಲೈವುಡ್‌ನಲ್ಲಿ 10 ಇಂಚು ಉದ್ದ, 10 ಇಂಚು ಎತ್ತರದ ತ್ರಿಕೋನ ಕತ್ತರಿಸಿ, ಓರೆ ಅಂಚನ್ನು ಬಾಳೆಮೊಗ್ಗಿನ ಹಾಗೆ ತಿದ್ದಿದೆವು. ಎರಡು ಸ್ಕ್ರೂ ತೊಲೆಗೆ, ಎರಡು ಕಂಬಕ್ಕೆ. ಕಂಬದ ಸ್ಕ್ರೂಗೆ ಹಿಡಿತ ಬೇಕಲ್ಲ, ಅದಕ್ಕೆ ತುದಿಯ ಬಿಲ್ಲೆಯಿಂದ 10 ಇಂಚು ಕೆಳಗೆ ಇನ್ನೊಂದು ಬಿಲ್ಲೆ ಸೇರಿಸಬೇಕಾಯಿತು. ಮುಂದೆ ಎರಡು, ಎರಡು ಪಕ್ಕಕ್ಕೆ ನಾಲ್ಕು, ಒಟ್ಟು ಆರು. ಆಮೇಲೆ ತಳ್ಳಿದರೆ ಮಂಟಪ ಅಲ್ಲಾಡಲಿಲ್ಲ, ನೆಲದ ಮೇಲೆ ಒಟ್ಟಾಗಿ ಸರಿಯಿತು.

ಹಿಂದಿನ ಎರಡಕ್ಕೆ ಮಾತ್ರ ಹಳೇ ಹಲಗೆ ಕಂಬವನ್ನೇ ಇಟ್ಟುಕೊಂಡೆ. ಗೋಡೆಗೆ ಒತ್ತಿ ನಿಲ್ಲುತ್ತವೆ, ಪರದೆ ಇಳಿಬಿಟ್ಟ ಮೇಲೆ ಅವುಗಳ ಪಕ್ಕ ಯಾರಿಗೂ ಕಾಣುವುದಿಲ್ಲ, ಅಟ್ಟದಲ್ಲಿ ಜಾಗವೂ ಬೇಡ. ಎರಡೂ ಕಡೆ ಪೇಂಟ್ ಆದ ಮೇಲೆ ನಮಸ್ಕಾರ ಮಾಡುವುದನ್ನೂ ಬಿಟ್ಟಿವೆ. ಗೂಡು ಕಂಬದ ಬಟ್ಟೆಯನ್ನು ಪೂಜೆ ಮುಗಿದ ವಾರದಲ್ಲೇ ಬಿಚ್ಚಿ, ಬಚ್ಚಲೊಲೆ ಮೇಲಿನ ಹಗ್ಗದಲ್ಲಿ ಒಣಗಿಸಿ ಮಡಚುತ್ತೇವೆ. ಬರೀ ಗೂಡು ಅಟ್ಟಕ್ಕೆ ಹೋಗುತ್ತದೆ. ಗಾಳಿ ಆಡುವುದರಿಂದ ಎರಡು ಮಳೆಗಾಲ ಕಳೆದರೂ ಬೂಷ್ಟು ಹಿಡಿದಿಲ್ಲ. ಇಲಿಗೂ ಅಲ್ಲಿ ಮರೆ ಸಿಕ್ಕಿಲ್ಲ.

ಪೆಟ್ಟಿಗೆ ಕಂಬಗಳಲ್ಲಿ ಮೂರನ್ನು ಒಡೆದು ಪೀಠಕ್ಕೆ ಬಳಸಿಕೊಂಡೆ. ನಾಲ್ಕನೆಯದನ್ನು ಎರಡಡಿಗೆ ಕತ್ತರಿಸಿ ಜಗಲಿಯಲ್ಲಿ ಇಟ್ಟಿದ್ದೇವೆ. ಕೊಡೆ ಇಡಲು.