ಟಿವಿ ಟಿಕ್ ಟಿಕ್ ಅಂತ ಆನ್ ಆಗದಿದ್ದರೆ, ತಕ್ಷಣ ಬೋರ್ಡ್ ಬದಲಿಸಬೇಡಿ

ಹುಬ್ಬಳ್ಳಿಯ ನಮ್ಮ ಮನೆಯ 32 ಇಂಚಿನ ಟಿವಿಗೆ ಒಂಬತ್ತು ವರ್ಷ. ಹೋದ ವರ್ಷ ಕರೆಂಟ್ ಹೋಗಿ ಬಂದಾಗಲೆಲ್ಲ ತಡವಾಗಿ ಆನ್ ಆಗೋದಕ್ಕೆ ಶುರುವಾಯ್ತು. ಹಿಂದಿನಿಂದ ಟಿಕ್ ಟಿಕ್ ಸದ್ದು, ಕೆಂಪು ಲೈಟ್ ಮಿಣುಕುತ್ತೆ, ಎರಡು ನಿಮಿಷ ಬಿಟ್ಟು ಚಿತ್ರ ಬರುತ್ತೆ. ಒಂದು ದಿನ ಬರಲೇ ಇಲ್ಲ.

ರಿಪೇರಿಯವರು ಬಂದು ಮುಚ್ಚಳ ಸಹ ಬಿಚ್ಚದೆ "ಬೋರ್ಡ್ ಹೋಗೇತ್ರಿ ಸರ್, ಬ್ಯಾರೇದು ಹಾಕ್ಬೇಕು" ಅಂದರು. 4,200 ರೂಪಾಯಿ ಕೊಟ್ಟೆ. ಹಾಕಿದ್ದು ಬಳಸಿದ ಬೋರ್ಡ್ ಅಂತ ಆಮೇಲೆ ತಿಳೀತು. ಐದೇ ತಿಂಗಳಿಗೆ ಮತ್ತೆ ಅದೇ ಟಿಕ್ ಟಿಕ್. ಹಳೇ ಬೋರ್ಡ್ ಕೇಳಿ ಇಟ್ಕೊಂಡಿದ್ದೆ, ಅದೇ ನನ್ನನ್ನು ಉಳಿಸಿತು.

ಗದಗಿನಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವ ನಮ್ಮ ಚಿಕ್ಕಪ್ಪನ ಮಗ ಬಂದು ಮಲ್ಟಿಮೀಟರ್ ಹಿಡಿದು ತೋರಿಸಿದ. ಟಿವಿ ಆಫ್ ಇದ್ದರೂ ರಿಮೋಟಿಗಾಗಿ ಕಾಯುತ್ತಾ ಇರೋಕೆ 5 ವೋಲ್ಟಿನ ಒಂದು ಚಿಕ್ಕ ಸಪ್ಲೈ ನಡೀತಾ ಇರುತ್ತೆ, ಅದೇ ಸ್ಟ್ಯಾಂಡ್‌ಬೈ. ಸುಮ್ನೆ ಇದ್ದಾಗ ಮೀಟರ್ 5.1 ತೋರಿಸ್ತಿತ್ತು. ಆನ್ ಒತ್ತಿದ ಕೂಡಲೇ ಟಿಕ್ ಅಂತ ರಿಲೇ, ಅಂದ್ರೆ ಕರೆಂಟಿನಿಂದ ನಡೆಯೋ ಒಳಗಿನ ಸ್ವಿಚ್, ಕೂತಿತು, ಸಪ್ಲೈ ಮೇಲೆ ಭಾರ ಬಿತ್ತು, ಅಂಕಿ 3.4ಕ್ಕೆ ಜಾರಿತು. ಅಷ್ಟು ಕಡಿಮೆಯಾದರೆ ಒಳಗಿನ ಚಿಪ್ ರೀಸೆಟ್ ಆಗಿ ರಿಲೇ ಬಿಟ್ಟುಬಿಡುತ್ತೆ. ಭಾರ ಇಳಿದ ಮೇಲೆ ವೋಲ್ಟೇಜ್ ಮತ್ತೆ ಏರುತ್ತೆ, ಮತ್ತೆ ಟಿಕ್. ನಾವು ಕೇಳೋ ಸದ್ದು ಇದೇ.

ಆಮೇಲೆ ಹಳೇ ಬೋರ್ಡ್ ತೋರಿಸಿದ. ಬಿಸಿ ಹೊರಹಾಕೋ ಹೀಟ್‌ಸಿಂಕ್ ಪಕ್ಕ 1000 ಮೈಕ್ರೋಫ್ಯಾರಡ್, 10 ವೋಲ್ಟಿನ ಎರಡು ಕೆಪ್ಯಾಸಿಟರ್, ತಲೆ ಪೂರಿಯ ಹಾಗೆ ಉಬ್ಬಿತ್ತು. ಕರೆಂಟ್ ತುಂಬಿಟ್ಟುಕೊಂಡು ಬೇಕಾದಾಗ ಕೊಡೋದೇ ಇವುಗಳ ಕೆಲಸ. ಬಿಸಿಗೆ ಒಳಗಿನ ದ್ರವ ವರ್ಷಗಟ್ಟಲೆ ಒಣಗುತ್ತಾ ಹೋಗುತ್ತೆ, ಒಳರೋಧ ಹೆಚ್ಚುತ್ತೆ, ಆಗ ಭಾರ ಬಿದ್ದ ಗಳಿಗೆಗೆ ಬೇಕಾದ ಕರೆಂಟ್ ಅದು ಕೊಡೋಕಾಗಲ್ಲ. ತಣ್ಣಗಿದ್ದಾಗ ಈ ತೊಂದರೆ ಜಾಸ್ತಿ, ಸ್ವಲ್ಪ ಬಿಸಿಯಾದರೆ ಕಡಿಮೆ. ಅದಕ್ಕೇ ಕರೆಂಟ್ ಹೋಗಿ ತಣ್ಣಗಾದ ಮೇಲೆ ನಮ್ಮ ಟಿವಿ ಮೊಂಡು ಹಿಡಿಯುತ್ತಿತ್ತು, ಅಲ್ವಾ? ಕೆಲವು ಸಲ ತಲೆ ಉಬ್ಬದೆಯೂ ಕೆಟ್ಟಿರುತ್ತೆ, ಹಾಗಾಗಿ ನೋಡಿದರಷ್ಟೇ ಸಾಲದು, ಅಳೆಯಬೇಕು.

ಅದೇ ಅಳತೆಯ, 16 ವೋಲ್ಟಿನ, 105 ಡಿಗ್ರಿ ತಡೆಯುವ ಎರಡು ಹೊಸವು ಹಾಕಿದ. ಸ್ವಲ್ಪ ಹೆಚ್ಚಿನ ವೋಲ್ಟಿನದು ಹಾಕಬಹುದು, ಕಡಿಮೆಯದು ಬೇಡ. ಖರ್ಚು ಮೂವತ್ತು ರೂಪಾಯಿ. ಹಳೇ ಬೋರ್ಡ್ ವಾಪಸ್ ಕೂಡಿಸಿದ ಮೇಲೆ ಆನ್ ಮಾಡಿದರೂ ಮೀಟರ್ 5.1ರಿಂದ ಕದಲಲಿಲ್ಲ.

ಯಾರಾದರೂ ಬೋರ್ಡ್ ಹೋಗಿದೆ ಅಂದರೆ, ಆನ್ ಒತ್ತಿದಾಗ ಆ 5 ವೋಲ್ಟ್ ಎಷ್ಟಕ್ಕೆ ಇಳಿಯುತ್ತೆ ಅಂತ ನಿಮ್ಮ ಮುಂದೆಯೇ ಅಳೆಸಿ. ಇಳಿಯದೆ ಗಟ್ಟಿ ನಿಂತಿದ್ದೂ ಟಿವಿ ಬರದಿದ್ದರೆ ದೋಷ ಬೇರೆ ಕಡೆ ಇದೆ, ಬ್ಯಾಕ್‌ಲೈಟ್ ಇರಬಹುದು. ಹಳೇ ಬೋರ್ಡ್ ಮಾತ್ರ ಕೊಡಬೇಡಿ. ಇನ್ನೊಂದು, ಅಭ್ಯಾಸ ಇಲ್ಲದವರು ನೀವೇ ಬಿಚ್ಚಬೇಡಿ. ಅದೇ ಬೋರ್ಡಿನ ದಪ್ಪ ಕೆಪ್ಯಾಸಿಟರಿನಲ್ಲಿ ಸುಮಾರು 325 ವೋಲ್ಟ್ ಇರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.